ಮೊಬೈಲ್ ಪಟ್ಟಿಯಲ್ಲಿ ಟಿ.ವಿ. ಏಕೆ ಕಾಣಿಸದು?

ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಪಡಸಾಲೆಯಲ್ಲಿ ಸ್ಮಾರ್ಟ್ ಟಿ.ವಿ., ಪಕ್ಕದಲ್ಲೇ ವೈ-ಫೈ ರೂಟರ್. ದಪ್ಪನೆಯ ಕಲ್ಲಿನ ಗೋಡೆ ದಾಟಿ ಸಂಕೇತ ಒಳಮನೆಗೆ ತಲುಪದ ಕಾರಣ ಅಲ್ಲಿ ಎರಡನೆಯ ರೂಟರ್ ಅಳವಡಿಸಿ, ಅದಕ್ಕೂ ಅದೇ ಹೆಸರು ಇಡಲಾಗಿದೆ. ಒಳಮನೆಯಲ್ಲಿ ಮೊಬೈಲ್‌ಗೆ ಅಂತರ್ಜಾಲ ಸರಾಗವಾಗಿ ಬರುತ್ತದೆ. ಆದರೆ ‘Cast’ ಒತ್ತಿದರೆ ಪಟ್ಟಿ ಖಾಲಿ.

ದೋಷ ಟಿ.ವಿ.ಯದಲ್ಲ. ‘Cast’ ಒತ್ತಿದಾಗ ಮೊಬೈಲ್ ತಾನಿರುವ ಜಾಲದೊಳಗೆ ‘ಯಾರಿದ್ದೀರಿ?’ ಎಂದು ಕೂಗಿದಂತೆ ಒಂದು ಸಂದೇಶ ಹರಡುತ್ತದೆ. ಅದಕ್ಕೆ ಟಿ.ವಿ. ಓಗೊಟ್ಟರೆ ಮಾತ್ರ ಅದರ ಹೆಸರು ಪಟ್ಟಿಗೆ ಬರುತ್ತದೆ. ಈ ಕೂಗು ಸಾಮಾನ್ಯವಾಗಿ ರೂಟರನ್ನು ದಾಟಿ ಆಚೆಗೆ ಹೋಗುವುದಿಲ್ಲ. ಎರಡನೆಯ ರೂಟರ್ ತನ್ನದೇ ಪ್ರತ್ಯೇಕ ಜಾಲ ನಿರ್ಮಿಸಿದ್ದರೆ ಹೆಸರು ಒಂದೇ ಆದರೂ ಜಾಲಗಳು ಎರಡಾಗುತ್ತವೆ.

ಇದನ್ನು ಪತ್ತೆ ಹಚ್ಚಲು ಎರಡೂ ಉಪಕರಣಗಳ ವೈ-ಫೈ ವಿವರದಲ್ಲಿ ‘IP address’ ನೋಡಬೇಕು. ಟಿ.ವಿ.ಯದು 192.168.1.20, ಮೊಬೈಲ್‌ನದು 192.168.0.15 ಎಂದಿದ್ದರೆ ಮೂರನೆಯ ಸಂಖ್ಯೆಯೇ ಬೇರೆ, ಅಂದರೆ ಜಾಲವೂ ಬೇರೆ. ಎರಡನೆಯ ರೂಟರನ್ನು ‘Access Point’ ವಿಧಾನಕ್ಕೆ ಬದಲಿಸಿದರೆ ಅದು ಮೊದಲ ಜಾಲದ ವಿಸ್ತರಣೆಯಷ್ಟೇ ಆಗಿ, ಟಿ.ವಿ. ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ತಾತ್ಕಾಲಿಕವಾಗಿ ಮೊಬೈಲನ್ನು ಪಡಸಾಲೆಗೆ ತಂದು, ವೈ-ಫೈ ಒಮ್ಮೆ ಆರಿಸಿ ಮತ್ತೆ ಹಚ್ಚಿದರೂ ಆದೀತು.

ಸಂಖ್ಯೆಗಳು ಹೊಂದಿಕೆಯಾದರೂ ಟಿ.ವಿ. ಕಾಣದಿದ್ದರೆ ರೂಟರ್‌ನ ‘AP Isolation’ ಪರೀಕ್ಷಿಸಬೇಕು. ಅದು ಚಾಲೂ ಇದ್ದರೆ ಒಂದೇ ಜಾಲದ ಉಪಕರಣಗಳೂ ಪರಸ್ಪರ ಮಾತನಾಡಲಾರವು.