ಅಂಕಿ ಹೇಳಿದಷ್ಟೇ ಹೇಳಿ

ಎಂ.ಎಸ್ಸಿ. ನರ್ಸಿಂಗ್ ಪ್ರಬಂಧದಲ್ಲಿ ಕೋಷ್ಟಕಗಳೆಲ್ಲ ಮುಗಿದ ಮೇಲೆ ಡಿಸ್ಕಷನ್ ಅಧ್ಯಾಯ ಬರುತ್ತದೆ. ಎಷ್ಟೋ ಪ್ರಬಂಧಗಳಲ್ಲಿ ಇದು ಒಂದೇ ಅಚ್ಚಿನಲ್ಲಿರುತ್ತದೆ. ಮೊದಲು ಅಧ್ಯಯನದ ಉದ್ದೇಶ, ಆಮೇಲೆ ಫಲಿತಾಂಶ, ಕೊನೆಗೆ “ಇದನ್ನು ಇಂಥವರ ಅಧ್ಯಯನ ಬೆಂಬಲಿಸುತ್ತದೆ” ಎಂಬ ಸಾಲು. ವೈವಾದಲ್ಲಿ ಪರೀಕ್ಷಕರು ಆ ಸಾಲನ್ನೇ ಹಿಡಿಯುತ್ತಾರೆ: “ಹೇಗೆ ಬೆಂಬಲಿಸುತ್ತದೆ, ಸ್ವಲ್ಪ ಬಿಡಿಸಿ ಹೇಳಮ್ಮ.”

ಬಿಡಿಸಿ ಹೇಳುವುದು ಹೇಗೆಂದು ನೋಡಲು ಒಂದು ಕಲ್ಪಿತ ಅಧ್ಯಯನವನ್ನು ತೆಗೆದುಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಒಂದು ಜಿಲ್ಲಾ ಆಸ್ಪತ್ರೆಯ 60 ಸ್ಟಾಫ್ ನರ್ಸ್‌ಗಳಿಗೆ ಕೈ ಶುಚಿತ್ವದ ಬಗ್ಗೆ 30 ಪ್ರಶ್ನೆಗಳ ಪ್ರೀ-ಟೆಸ್ಟ್ ಕೊಟ್ಟಳು. ಅಂದೇ 45 ನಿಮಿಷದ ಪಾಠ ಮಾಡಿದಳು. ಏಳನೆಯ ದಿನ ಅದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಕೊಟ್ಟಾಗ ಸರಾಸರಿ ಅಂಕ 15ರಿಂದ 22ಕ್ಕೆ ಏರಿತ್ತು. ಕೊನೆಯವರೆಗೆ ಉಳಿದವರು 54 ಮಂದಿ.

ಅಧ್ಯಾಯದ ಮೊದಲ ವಾಕ್ಯದಲ್ಲಿ ಕೋಷ್ಟಕವನ್ನೇ ಮತ್ತೆ ಒಪ್ಪಿಸಬೇಕಾಗಿಲ್ಲ. “ಪಾಠದ ನಂತರ ಸರಾಸರಿ ಅಂಕ 7ರಷ್ಟು ಹೆಚ್ಚಿತು” ಎಂದರೆ ಸಾಕು. “ಪಾಠದಿಂದ ಕೈ ತೊಳೆಯುವ ಅಭ್ಯಾಸ ಸುಧಾರಿಸಿತು” ಎಂದು ಬರೆದರೆ ಮಾತು ಅಂಕಿಯನ್ನು ದಾಟಿತು. ಅಳೆದದ್ದು ತಿಳಿವಳಿಕೆಯನ್ನು, ವಾರ್ಡಿನಲ್ಲಿ ಯಾರು ಕೈ ತೊಳೆದರು, ಯಾರು ಬಿಟ್ಟರು ಎಂದು ಯಾರೂ ನಿಂತು ನೋಡಿಲ್ಲ.

ಇನ್ನು ಹಿಂದಿನ ಅಧ್ಯಯನದ ಜೋಡಣೆ. ಈ ವಿಷಯದಲ್ಲಿ ಹೆಸರಾದದ್ದು ಡಿಡಿಯೆ ಪಿಟೆ ಮತ್ತು ಸಂಗಡಿಗರು ಜಿನೀವಾದ ಆಸ್ಪತ್ರೆಯಲ್ಲಿ ನಡೆಸಿದ ಅಧ್ಯಯನ. ಅದು 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕೈ ಶುಚಿ ಮಾಡಿಕೊಳ್ಳಬೇಕಾದ ಸಂದರ್ಭಗಳಲ್ಲಿ ಹಾಗೆ ಮಾಡುವವರ ಪ್ರಮಾಣ 1994ರಲ್ಲಿ ಶೇ. 48 ಇದ್ದದ್ದು 1997ಕ್ಕೆ ಶೇ. 66 ಆಯಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕೂ ಇಳಿಯಿತು. ನಮ್ಮ ವಿದ್ಯಾರ್ಥಿನಿ ಇದನ್ನು ‘ಬೆಂಬಲ’ ಎಂದು ಸೇರಿಸುವ ಮೊದಲು ಮೂರು ವಿಷಯ ನೋಡಬೇಕು: ಅಲ್ಲಿ ಏನನ್ನು ಅಳೆದರು, ಏನು ಮಾಡಿದರು, ಎಷ್ಟು ಕಾಲ ನೋಡಿದರು. ಅಲ್ಲಿ ಅಳೆದದ್ದು ಕಣ್ಣಾರೆ ಕಂಡ ನಡವಳಿಕೆಯನ್ನು. ಮಾಡಿದ್ದು ಒಂದು ಪಾಠವಲ್ಲ. ಗೋಡೆಗೆ ಪೋಸ್ಟರ್, ಹಾಸಿಗೆಯ ಪಕ್ಕದಲ್ಲೇ ಆಲ್ಕೋಹಾಲ್ ದ್ರಾವಣ, ಜೊತೆಗೆ ಆಡಳಿತದ ಬೆಂಬಲ. ನೋಡಿದ್ದು ವರ್ಷಗಟ್ಟಲೆ. ಇಷ್ಟು ಅಂತರವಿದ್ದ ಮೇಲೆ ಆಕೆ ಹೀಗೆ ಬರೆಯಬಹುದು:

“ಜಿನೀವಾದಲ್ಲಿ ನಡವಳಿಕೆ ಸುಧಾರಿಸಿದ್ದು ಕಲಿಕೆಯ ಜೊತೆಗೆ ಸೌಲಭ್ಯವೂ ಕೈಗೆಟುಕಿದಾಗ. ನಮ್ಮ ಅಧ್ಯಯನ ತಿಳಿವಳಿಕೆಯನ್ನಷ್ಟೇ ಅಳೆದಿದೆ. ಹೆಚ್ಚಿದ ತಿಳಿವಳಿಕೆ ವಾರ್ಡಿನಲ್ಲಿ ಅಭ್ಯಾಸವಾಗಿ ಬದಲಾಗುವುದೇ ಎಂಬುದನ್ನು ಇದು ತೋರಿಸುವುದಿಲ್ಲ.”

ಹೀಗೆ ಬರೆದರೆ ಹಳೆಯ ಅಧ್ಯಯನ ಅಲಂಕಾರವಾಗಿ ಉಳಿಯದೆ ಹೊಸ ಫಲಿತಾಂಶಕ್ಕೆ ಅರ್ಥ ಕೊಡುತ್ತದೆ. ಫಲಿತಾಂಶ ಹಿಂದಿನವರದಕ್ಕೆ ವಿರುದ್ಧವಾಗಿ ಬಂದಾಗಲೂ ದಾರಿ ಇದೇ. ಅನುಭವ ಹೆಚ್ಚಿದ್ದವರ ಅಂಕ ಹೆಚ್ಚೆಂದು ಹಿಂದಿನ ಅಧ್ಯಯನ ಹೇಳಿ, ನಿಮ್ಮಲ್ಲಿ ಆ ಸಂಬಂಧ ಕಾಣದಿದ್ದರೆ ಅದನ್ನು ಮುಚ್ಚಿಡಬೇಡಿ. ಆದರೆ “ಸಂಬಂಧವಿಲ್ಲ” ಎಂದು ತೀರ್ಪು ಕೊಡಲೂ ಹೋಗಬೇಡಿ. 54 ಜನರಲ್ಲಿ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗಬಹುದು. “ನಮ್ಮ ಸ್ಯಾಂಪಲ್‌ನಲ್ಲಿ ಕಂಡುಬರಲಿಲ್ಲ” ಎನ್ನುವುದೇ ಸರಿ.

ಇತಿಮಿತಿಗಳ ಭಾಗದಲ್ಲಿ “ಸಮಯ ಕಡಿಮೆ ಇತ್ತು, ಸ್ಯಾಂಪಲ್ ಚಿಕ್ಕದು” ಎಂದು ಎರಡು ಸಾಲು ಗೀಚಿ ಮುಗಿಸುವುದು ವಾಡಿಕೆ. ಓದುವವನಿಗೆ ಬೇಕಾದದ್ದು ಕೊರತೆಯ ಹೆಸರಲ್ಲ, ಆ ಕೊರತೆ ಫಲಿತಾಂಶವನ್ನು ಯಾವ ಕಡೆಗೆ ಎಳೆದಿರಬಹುದು ಎಂಬ ವಿವರ. ಅದೇ ಪ್ರಶ್ನೆಪತ್ರಿಕೆ ಏಳೇ ದಿನದಲ್ಲಿ ಮತ್ತೆ ಬಂದದ್ದರಿಂದ ಕೆಲವರು ಪ್ರಶ್ನೆಗಳನ್ನೇ ನೆನಪಿಟ್ಟಿರಬಹುದು. ಹಾಗಾದರೆ 7 ಅಂಕದ ಏರಿಕೆಯಲ್ಲಿ ಒಂದು ಪಾಲು ಪಾಠದ್ದಲ್ಲ. ಪಾಠ ಕೇಳದ ಕಂಟ್ರೋಲ್ ಗ್ರೂಪ್ ಇಲ್ಲದ್ದರಿಂದ ಆ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ಕೈಬಿಟ್ಟ ಆರು ಮಂದಿ ರಾತ್ರಿ ಪಾಳಿಯವರೇ ಆಗಿದ್ದರೆ ಅದನ್ನೂ ಬರೆಯಬೇಕು. ಆಗ ಫಲಿತಾಂಶ ಹೆಚ್ಚಾಗಿ ಹಗಲು ಪಾಳಿಯವರ ಕಥೆಯನ್ನೇ ಹೇಳುತ್ತದೆ.

ಇತಿಮಿತಿ ಬರೆದ ಮೇಲೆ ಅದು ತೀರ್ಮಾನಕ್ಕೂ ತಟ್ಟಬೇಕು. ಈ ಪುಟದಲ್ಲಿ ಕಂಟ್ರೋಲ್ ಗ್ರೂಪ್ ಇಲ್ಲವೆಂದು ಒಪ್ಪಿಕೊಂಡು, ಮುಂದಿನ ಪುಟದಲ್ಲಿ “ಪಾಠವು ಪರಿಣಾಮಕಾರಿ ಎಂದು ಸಾಬೀತಾಗಿದೆ” ಎಂದರೆ ಒಪ್ಪಿಕೊಂಡದ್ದೆಲ್ಲ ವ್ಯರ್ಥ. ಶಿಫಾರಸು ಕೂಡ ಕೊರತೆಯಿಂದಲೇ ಹುಟ್ಟಲಿ: ಮುಂದಿನವರು ಕಂಟ್ರೋಲ್ ಗ್ರೂಪ್ ಇಟ್ಟುಕೊಳ್ಳಲಿ, ಮೂರು ತಿಂಗಳ ನಂತರ ವಾರ್ಡಿನಲ್ಲೇ ನಿಂತು ನೋಡಿ ಅಳೆಯಲಿ.

ಪ್ರಬಂಧವನ್ನು ಗೈಡ್ ಕೈಗೆ ಕೊಡುವ ಮುನ್ನ ಪೆನ್ಸಿಲ್ ಹಿಡಿದು ಈ ಅಧ್ಯಾಯವನ್ನೊಮ್ಮೆ ಓದಿ. ನಿಮ್ಮ ಫಲಿತಾಂಶದ ಬಗ್ಗೆ ಇರುವ ಪ್ರತಿ ವಾಕ್ಯದ ಪಕ್ಕದಲ್ಲಿ ಅದಕ್ಕೆ ಆಧಾರವಾದ ಕೋಷ್ಟಕದ ಸಂಖ್ಯೆ ಬರೆಯಿರಿ. ಸಂಖ್ಯೆ ಸಿಗದ ವಾಕ್ಯವನ್ನು ಹೊಡೆದುಹಾಕಿ, ಇಲ್ಲವೇ “ಇರಬಹುದು” ಎಂದು ತಿದ್ದಿ.