ತಳದ ತ್ರಿಕೋನ, ಪೊಟ್ಟಣದ ಕಿಲೋ

ಹಾಲಿನ ಬಾಟಲಿ ಕೊಳ್ಳುವಾಗ ಡಬ್ಬದ ಮೇಲಿನ ಕರಡಿ ಮರಿಯ ಚಿತ್ರ ಬಿಟ್ಟು ಬಾಟಲಿಯನ್ನೇ ತಲೆಕೆಳಗು ಮಾಡಿ ನೋಡಿ. ತಳದಲ್ಲಿ ಪುಟ್ಟ ತ್ರಿಕೋನ, ಅದರೊಳಗೊಂದು ಅಂಕಿ ಇರುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್. 7 ಎಂದಿದ್ದರೆ 'ಇತರೆ' ಎಂದಷ್ಟೇ ಅರ್ಥ. ಗಟ್ಟಿಯಾದ, ಬೆಲೆಯೂ ಹೆಚ್ಚಿರುವ ಪಿಪಿಎಸ್‌ಯು ಆ ಗುಂಪಿನದೇ, ಪಾಲಿಕಾರ್ಬೊನೇಟ್ ಕೂಡ ಅದೇ ಗುಂಪಿನದು. ಹಾಗಾಗಿ 7 ಕಂಡರೆ ವಸ್ತುವಿನ ಹೆಸರು ಬರೆದಿದೆಯೇ ಹುಡುಕಿ. ಇಲ್ಲದಿದ್ದರೆ ವಾಪಸ್ ಇಡಿ. ಪಾಲಿಕಾರ್ಬೊನೇಟ್‌ನಿಂದ ಬಿಸ್ಫಿನಾಲ್-ಎ ಎಂಬ, ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕ ಬಿಸಿ ಹಾಲಿಗೆ ಇಳಿಯುತ್ತದೆ. ಭಾರತೀಯ ಮಾನಕ ಬ್ಯೂರೋ 2015ರಲ್ಲೇ ಹಾಲಿನ ಬಾಟಲಿಗೆ ಅದನ್ನು ಬಳಸಬಾರದೆಂದು ಹೇಳಿದೆ. ಪ್ಲಾಸ್ಟಿಕ್ ಬಾಟಲಿಗೆ ಐಎಸ್‌ಐ ಗುರುತು, ಐಎಸ್ 14625 ಎಂಬ ಸಂಖ್ಯೆ ಇರಬೇಕು. 'ಬಿಪಿಎ ಇಲ್ಲ' ಎಂಬ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು, ನಾನಂತೂ ಅದನ್ನೊಂದನ್ನೇ ನಂಬಿ ಕೊಳ್ಳುವುದಿಲ್ಲ.

5ನೇ ಅಂಕಿಯ ಬಾಟಲಿಗೂ ಒಂದು ಮಿತಿಯಿದೆ. ನೀರು ಬಿಸಿಯಾದಷ್ಟೂ ಪಾಲಿಪ್ರೊಪಿಲೀನ್ ಬಾಟಲಿಯಿಂದ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಹೆಚ್ಚು ಉದುರುತ್ತವೆಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಅವು ಮಗುವಿಗೆ ಏನು ಮಾಡುತ್ತವೆ ಎಂಬುದನ್ನು ಆ ಅಧ್ಯಯನ ಹೇಳಿಲ್ಲ. ಆದರೆ ಪುಡಿ ಹಾಲನ್ನು ಕನಿಷ್ಠ 70 ಡಿಗ್ರಿ ಬಿಸಿಯ ನೀರಿನಲ್ಲೇ ಕಲಸಬೇಕು, ಪುಡಿಯಲ್ಲಿರಬಹುದಾದ ರೋಗಾಣು ಸಾಯುವುದು ಆಗಲೇ. ದಾರಿ ಸುಲಭ: ಕುದಿಸಿ ತೊಳೆದ ಸ್ಟೀಲ್ ಪಾತ್ರೆಯಲ್ಲಿ ಕಲಸಿ, ಆರಿದ ಮೇಲೆ ಬಾಟಲಿಗೆ ಸುರಿಯಿರಿ. ಗಾಜಿನ ಬಾಟಲಿಗಾದರೆ ಈ ತಲೆನೋವಿಲ್ಲ, ಕೈಜಾರದಂತೆ ನೋಡಿಕೊಳ್ಳಬೇಕಷ್ಟೆ. ನಮ್ಮಜ್ಜಿಯರ ಒಳಲೆಗೆ ತ್ರಿಕೋನವೂ ಇರಲಿಲ್ಲ, ನಿಪ್ಪಲೂ ಇರಲಿಲ್ಲ!

ನಿಪ್ಪಲ್ ಮೇಲೆ '0+' ಎಂದಿದ್ದರೆ ಹಾಲು ನಿಧಾನವಾಗಿ ಬರುವ ರಂಧ್ರ ಎಂದರ್ಥ. ಬಾಟಲಿ ಬೋರಲು ಹಿಡಿದಾಗ ಹಾಲು ತೊಟ್ಟು ತೊಟ್ಟಾಗಿ ಬೀಳಬೇಕು, ಧಾರೆಯಾಗಬಾರದು. ಮಗು ಗಟಗಟ ನುಂಗಿ ಕೆಮ್ಮಿದರೆ, ಬಾಯಂಚಿನಿಂದ ಹಾಲು ಸುರಿದರೆ ರಂಧ್ರ ದೊಡ್ಡದಾಯಿತು. ಚೀಪಿ ಚೀಪಿ ನಿಪ್ಪಲ್ ಚಪ್ಪಟೆಯಾಗಿ, ಮಗು ಸುಸ್ತಾಗಿ ನಿದ್ದೆಹೋದರೆ ಚಿಕ್ಕದಾಯಿತು. ಮುಂದಿನ ಅಳತೆಗೆ ಹೋಗಲು ಈ ಲಕ್ಷಣ ನೋಡಿ, ತಿಂಗಳು ಎಣಿಸಬೇಡಿ.

ಡೈಪರ್‌ನಲ್ಲಿ ವಯಸ್ಸು ಇನ್ನೂ ದಾರಿ ತಪ್ಪಿಸುತ್ತದೆ. ಹುಟ್ಟುವಾಗ 2.8 ಕಿಲೋ ಇದ್ದ ಕೂಸಿಗೆ ಸೋದರಮಾವ '0ರಿಂದ 3 ತಿಂಗಳು' ಎಂದು ಓದಿ ಸ್ಮಾಲ್ ಪೊಟ್ಟಣ ತಂದನೆನ್ನಿ. ಅದರ ಮೂಲೆಯಲ್ಲಿ '4–8 ಕಿಲೋ' ಎಂದಿರುತ್ತದೆ. ತೊಡೆಯ ಸಂದಿನಲ್ಲಿ ಜಾಗ ಉಳಿದು ರಾತ್ರಿಯೆಲ್ಲ ಹಾಸಿಗೆ ಒದ್ದೆ, ಮೇಲಂಚು ಹೊಕ್ಕುಳ ಬಳ್ಳಿಗೆ ಉಜ್ಜಾಟ. ಅವನು ತರಬೇಕಿದ್ದದ್ದು 5 ಕಿಲೋ ಒಳಗಿನ ನ್ಯೂಬಾರ್ನ್ ಅಳತೆ, ಅದೂ ಸಣ್ಣ ಪೊಟ್ಟಣ. ಕೂಸು ಬೇಗ ಬೆಳೆಯುತ್ತದೆ. ಬಳ್ಳಿ ಉದುರುವ ತನಕ ಮೇಲಂಚನ್ನು ಕೆಳಕ್ಕೆ ಮಡಚಿ. ಸೊಂಟದ ಬಳಿ ಎರಡು ಬೆರಳು ಸಲೀಸಾಗಿ ತೂರಬೇಕು. ತೊಡೆಯಲ್ಲಿ ಕೆಂಪು ಗೆರೆ ಮೂಡತೊಡಗಿದರೆ ಕೂಸನ್ನು ಮತ್ತೆ ತೂಗಿಸಿ, ಪೊಟ್ಟಣದ ಮೂಲೆ ನೋಡಿ.