ಬಸುರಿಯ ತಟ್ಟೆಯಲ್ಲಿ 68 ಗ್ರಾಂ

‘ಪ್ರೋಟೀನ್ ಜಾಸ್ತಿ ತಗೊಳ್ಳಮ್ಮ’ ಎಂದು ಬಸುರಿಗೆ ಎಲ್ಲರೂ ಹೇಳುತ್ತಾರೆ. ಎಷ್ಟು ಜಾಸ್ತಿ, ಅದು ಅಡುಗೆಮನೆಯ ಯಾವ ಪಾತ್ರೆಯಿಂದ ಬರಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಬಸುರಿಯಾದರೆ ನಾಲ್ಕರಿಂದ ಆರನೇ ತಿಂಗಳವರೆಗೆ ಅದರ ಮೇಲೆ ಒಂಬತ್ತೂವರೆ ಗ್ರಾಂ, ಕೊನೆಯ ಮೂರು ತಿಂಗಳು 22 ಗ್ರಾಂ. ಅಂದರೆ ಏಳನೇ ತಿಂಗಳಿನಿಂದ ಗುರಿ 68 ಗ್ರಾಂ.

ಹಾಸನದ ಕಡೆಯ ಒಂದು ಸಸ್ಯಾಹಾರಿ ಮನೆ, ಏಳು ತಿಂಗಳ ಬಸುರಿ, ಬಸುರಿಗೆ ಮುಂಚೆ 55 ಕೆಜಿ ಇದ್ದವಳು ಎಂದುಕೊಳ್ಳೋಣ. ಬೆಳಿಗ್ಗೆ ಉಪ್ಪಿಟ್ಟು, ಕಾಫಿ. ಮಧ್ಯಾಹ್ನ ಅನ್ನ, ಸಾರು, ಮಜ್ಜಿಗೆ. ಸಂಜೆ ಕಾಫಿ, ಬಿಸ್ಕತ್ತು. ರಾತ್ರಿ ಮತ್ತೆ ಅನ್ನ, ಅದೇ ಸಾರು, ಮೊಸರು. ಹೊಟ್ಟೆ ತುಂಬುವ ಊಟವೇ. ಆದರೆ ಕೂಡಿ ನೋಡಿದರೆ 38 ಗ್ರಾಂ ಆಸುಪಾಸು ಬರುತ್ತದೆ, ಅದರಲ್ಲೂ ಹೆಚ್ಚಿನ ಪಾಲು ಅಕ್ಕಿ, ರವೆಯದು. ಇನ್ನೂ 30 ಗ್ರಾಂ ಬಾಕಿ. ಅನ್ನ ಹೆಚ್ಚಿಸಿ ತುಂಬಿಸೋಣವೆಂದರೆ ಅಕ್ಕಿಯಲ್ಲಿರುವುದು ನೂರು ಗ್ರಾಮಿಗೆ ಎಂಟೇ ಗ್ರಾಂ ಪ್ರೋಟೀನ್. ದಿನಕ್ಕೆ ಇನ್ನೂ ಮುಕ್ಕಾಲು ಪಾಲು ಅರ್ಧ ಕೆಜಿ ಅಕ್ಕಿ ಬೇಯಿಸಬೇಕಾದೀತು.

ಆ ಹೊಟ್ಟೆಯಲ್ಲಿ ಅಷ್ಟಕ್ಕೆ ಜಾಗವೂ ಇಲ್ಲ. ಏಳು ತಿಂಗಳಿಗೆ ಗರ್ಭಕೋಶ ಮೇಲೆ ಬಂದು ಜಠರವನ್ನು ಒತ್ತುತ್ತದೆ. ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲ ಮಾಡುವುದರಿಂದ ತಿಂದದ್ದು ಹುಳಿಯಾಗಿ ಮೇಲೆ ಬರುತ್ತದೆ. ನಾಲ್ಕು ತುತ್ತಿಗೇ ‘ಸಾಕು’ ಎನ್ನುವವಳಿಗೆ ‘ಇನ್ನೊಂದು ಸ್ವಲ್ಪ’ ಎಂದು ಬಡಿಸಿ ಪ್ರಯೋಜನವಿಲ್ಲ. ಅದಕ್ಕೇ ಮೂರು ಊಟವನ್ನು ಐದು ಮಾಡುವುದು. ಮುಖ್ಯವೆಂದರೆ ಐದರಲ್ಲಿ ಒಂದೂ ಬರೀ ಹಿಟ್ಟು, ಬರೀ ಹಣ್ಣು, ಬರೀ ಬಿಸ್ಕತ್ತು ಆಗಬಾರದು. ಪ್ರತಿ ಸಲವೂ ಕಾಳು, ಹಾಲು, ಕಡಲೆಬೀಜ ಇವುಗಳಲ್ಲಿ ಒಂದಾದರೂ ಇರಬೇಕು.

ಅದೇ ಬಸುರಿಯ ದಿನವನ್ನು ಹೊಸದಾಗಿ ಕಟ್ಟಿ ನೋಡೋಣ. ಬೆಳಿಗ್ಗೆ ಎಂಟಕ್ಕೆ ಎರಡು ಹೆಸರುಕಾಳಿನ ದೋಸೆ. 40 ಗ್ರಾಂ ಕಾಳು, ಒಂದು ಹಿಡಿ ಅಕ್ಕಿ ನೆನೆಸಿ ರುಬ್ಬಿದರೆ ಹತ್ತು ಗ್ರಾಂ ಪ್ರೋಟೀನ್. ಜೊತೆಗೆ 200 ಮಿಲಿಯ ಒಂದು ಲೋಟ ಹಾಲಿನಿಂದ ಆರು. ಉಪ್ಪಿಟ್ಟು, ಕಾಫಿಯಿಂದ ಏಳು ಸಿಗುತ್ತಿದ್ದ ಕಡೆ ಈಗ 16. ಹನ್ನೊಂದು ಗಂಟೆಗೆ ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಬೀಜ, ಹುರಿದದ್ದೋ ಬೇಯಿಸಿದ್ದೋ, ಒಂದು ಬಾಳೆಹಣ್ಣು. ಎರಡೂ ಸೇರಿ ಎಂಟು.

ಮಧ್ಯಾಹ್ನ ಒಂದೂವರೆಗೆ 80 ಗ್ರಾಂ ರಾಗಿಹಿಟ್ಟಿನ ಒಂದು ಸಣ್ಣ ಮುದ್ದೆ, ಅದರಿಂದ ಆರು ಗ್ರಾಂ. ಮೊಳಕೆ ಹುರುಳಿಯ ಗಟ್ಟಿ ಸಾರು: ಅವಳ ಪಾಲಿಗೆ 30 ಗ್ರಾಂ ಒಣಕಾಳು ಬರುವಂತೆ ಬಡಿಸಿದರೆ ಆರೂವರೆ. ಸೊಪ್ಪಿನ ಪಲ್ಯದಿಂದ ಒಂದೂವರೆ, ಸಣ್ಣ ಬಟ್ಟಲು ಮೊಸರಿನಿಂದ ಮೂರು. ಒಟ್ಟು 17. ಸಂಜೆ ಐದಕ್ಕೆ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಹುರಿಗಡಲೆ, ಮುಕ್ಕಾಲು ಲೋಟ ಹಾಲು: 11. ರಾತ್ರಿ ಎಂಟಕ್ಕೆ ಎರಡು ಚಪಾತಿ, 30 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ, ಸಣ್ಣ ಬಟ್ಟಲು ಮೊಸರು: 16. ಎಲ್ಲ ಕೂಡಿದರೆ 68. ಮನೆಯ ಲೋಟ, ಹಿಡಿ ಒಂದೊಂದು ಅಳತೆಯದಾದ್ದರಿಂದ ಮೂರು ನಾಲ್ಕು ಗ್ರಾಂ ಆಚೀಚೆ ಆಗಿಯೇ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ ಆರು ಗ್ರಾಂ. ಸಂಜೆಯ ಹುರಿಗಡಲೆಯ ಬದಲು ಅದನ್ನೇ ಇಡಬಹುದು. ನೂರು ಗ್ರಾಂ ಮೀನು ಅಥವಾ ಕೋಳಿ ಮಾಂಸದಿಂದ ಸುಮಾರು ಇಪ್ಪತ್ತು.

ಮುದ್ದೆಗೆ ಹುರುಳಿ, ಚಪಾತಿಗೆ ತೊವ್ವೆ ಎಂದು ಜೋಡಿಸಿರುವುದಕ್ಕೆ ಕಾರಣವಿದೆ. ಅಕ್ಕಿ, ರಾಗಿ, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿಗೆ ಕಡಿಮೆ ಬೀಳುವ ಮೆಥಿಯೊನಿನ್ ಧಾನ್ಯದಲ್ಲಿದೆ. ಎರಡೂ ಕೂಡಿದಾಗ ದೇಹಕ್ಕೆ ಹೆಚ್ಚು ದಕ್ಕುತ್ತದೆ.

ಲೆಕ್ಕ ಕಾಗದದ ಮೇಲೆ ಸರಿಯಿದ್ದೂ ತಟ್ಟೆಯಲ್ಲಿ ತಪ್ಪುವುದು ಹೆಚ್ಚಾಗಿ ಸಾರಿನಲ್ಲಿ. ನೂರು ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್ ಇದೆ ನಿಜ. ಅದರಲ್ಲಿ ಐದು ಜನರಿಗೆ ಸಾರು ಮಾಡಿದರೆ ತಲೆಗೆ ನಾಲ್ಕು ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮೇಲಿನ ತಿಳಿಯನ್ನಷ್ಟೇ ಬಡಿಸಿಕೊಂಡರೆ ಅದೂ ಇಲ್ಲ. ಬೇಳೆ ತಳದಲ್ಲೇ ಉಳಿಯುತ್ತದೆ. ಬಸ್ಸಾರು ಇನ್ನೂ ಮೋಸ. ಬಸಿದ ಕಟ್ಟು ಸಾರಾಗುತ್ತದೆ, ಕಾಳು, ಸೊಪ್ಪು ಪಲ್ಯಕ್ಕೆ ಹೋಗುತ್ತದೆ. ಸಾರು ಎಷ್ಟು ರುಚಿಯಾಗಿದ್ದರೂ ಪ್ರೋಟೀನ್ ಇರುವುದು ಪಲ್ಯದಲ್ಲಿ. ‘ಕಾರ ಬೇಡ, ತಿಳಿಸಾರು ಕುಡಿ’ ಎಂದು ಬಸುರಿಗೆ ಪ್ರೀತಿಯಿಂದ ಕೊಡುವ ಮನೆಗಳಲ್ಲಿ ಪಲ್ಯ ಬೇರೆಯವರ ತಟ್ಟೆ ಸೇರಿರುತ್ತದೆ. ಹಾಲಿಗೆ ಹಾಕುವ ಕೇಸರಿಯಿಂದ, ದಿನಕ್ಕೆ ಹತ್ತು ಬಾದಾಮಿಯಿಂದ ಆಗುವ ಖರ್ಚಿಗೂ ಸಿಗುವ ಪ್ರೋಟೀನಿಗೂ ತಾಳೆಯಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ: ಹತ್ತು ಬಾದಾಮಿಗೆ ಎರಡೂವರೆ ಗ್ರಾಂ ಸಿಕ್ಕರೆ ಹೆಚ್ಚು.

ತಕ್ಕಡಿ ಇಲ್ಲದ ಮನೆಯಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಮೇಲಿನ ಪಟ್ಟಿಯಲ್ಲಿ ಹೆಸರು, ಹುರುಳಿ, ತೊಗರಿ ಸೇರಿ ದಿನಕ್ಕೆ ನೂರು ಗ್ರಾಂ ಒಣಕಾಳು, ಬೇಳೆ ಅವಳೊಬ್ಬಳ ಪಾಲು. ಅರ್ಧ ಕೆಜಿಯನ್ನು ಅವಳ ಹೆಸರಿನಲ್ಲಿ ಬೇರೆ ಡಬ್ಬಿಗೆ ಹಾಕಿಡಿ. ಐದು ದಿನಕ್ಕೆ ಮುಗಿಯಬೇಕು. ಹತ್ತು ದಿನ ಬಂತೆಂದರೆ ಅರ್ಧದಷ್ಟೇ ಹೊಟ್ಟೆಗೆ ಹೋಗಿದೆ.

ಇಷ್ಟು ಕಾಳು ಒಮ್ಮೆಲೇ ಶುರು ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬಂದದ್ದನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿ ಮೊಳಕೆಕಾಳು ಬಸುರಿಯರಿಗೆ ಬೇಡ. ಮೊದಲ ವಾರ ಅರ್ಧ ಪ್ರಮಾಣ ಸಾಕು. ಕಬ್ಬಿಣದ ಮಾತ್ರೆಯನ್ನು ಹಾಲು, ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಎರಡು ಗಂಟೆ ದೂರ ಇಟ್ಟುಕೊಳ್ಳಬೇಕು. ಐದು ಸಲ ತಿನ್ನುವಾಗ ಇದು ಸುಲಭವಾಗಿ ಮರೆತುಹೋಗುತ್ತದೆ.

ಪ್ರೋಟೀನ್ ಪುಡಿಯ ಡಬ್ಬಿಯ ವಿಷಯ. ಪ್ರೋಟೀನನ್ನೇ ಹೆಚ್ಚು ತುಂಬಿದ ಪೂರಕಗಳನ್ನು ಗರ್ಭಿಣಿಯರಿಗೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿದೆ. ಊಟದಲ್ಲಿ ಒಟ್ಟು ಶಕ್ತಿಯೇ ಸಾಲದಿದ್ದರೆ ದೇಹ ಪ್ರೋಟೀನನ್ನೂ ಶಕ್ತಿಗಾಗಿ ಉರಿಸಿಬಿಡುತ್ತದೆ; ಹಾಗಾಗಿ ಅನ್ನ, ಮುದ್ದೆ ಬಿಟ್ಟು ಪುಡಿ ಕುಡಿಯುವುದರಲ್ಲಿ ಅರ್ಥವಿಲ್ಲ. ಕೊಳ್ಳಲು ಕಷ್ಟವಿರುವವರಿಗೆ 2017ರಿಂದ ಮಾತೃಪೂರ್ಣ ಯೋಜನೆ ಇದೆ. ಅಂಗನವಾಡಿಯ ಬಿಸಿಯೂಟ, ಹಾಲು, ಮೊಟ್ಟೆ, ಕಡಲೆಬೀಜದ ಚಿಕ್ಕಿ ಐದರಲ್ಲಿ ಒಂದು ಊಟದ ಲೆಕ್ಕವನ್ನು ಚೆನ್ನಾಗಿ ತುಂಬುತ್ತದೆ. ಅದನ್ನು ಮನೆಗೆ ತಂದು ಎಲ್ಲರಿಗೂ ಹಂಚಿದರೆ ಮಾತ್ರ ತುಂಬುವುದಿಲ್ಲ.

ಸರಿಯಾಗಿ ನಡೆಯುತ್ತಿದೆಯೇ ಎಂದು ತಾಯಿ ಕಾರ್ಡಿನಲ್ಲಿ ಬರೆದ ತೂಕ ಹೇಳುತ್ತದೆ. ಮೊದಲಿಗೆ ಸಾಧಾರಣ ತೂಕವಿದ್ದವರು ಈ ತಿಂಗಳುಗಳಲ್ಲಿ ತಿಂಗಳಿಗೆ ಒಂದೂವರೆಯಿಂದ ಎರಡು ಕೆಜಿ ಏರುತ್ತಾರೆ. ಒಂದೇ ವಾರದಲ್ಲಿ ತೂಕ ದಿಢೀರನೆ ಏರಿ, ಮುಖ, ಕೈ ಊದಿ, ತಲೆನೋವು, ಕಣ್ಣು ಮಂಜು ಬಂದರೆ ಅದು ಊಟದ ಗುಣವಲ್ಲ. ಅವತ್ತೇ ಹೋಗಿ ಬಿಪಿ ತೋರಿಸಿಕೊಳ್ಳಿ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದವರು, ಮೂತ್ರಪಿಂಡದ ತೊಂದರೆ ಇರುವವರು ಈ ಪಟ್ಟಿಯನ್ನು ಹಾಗೆಯೇ ಹಿಡಿಯಬೇಡಿ. ನಿಮ್ಮ ಡಾಕ್ಟರಿಗೆ ತೋರಿಸಿ, ಬಾಳೆಹಣ್ಣು, ಮುದ್ದೆ, ಹಾಲು, ಕಾಳು ಪ್ರತಿಯೊಂದರ ಅಳತೆಯನ್ನೂ ಅವರಿಂದಲೇ ಬರೆಸಿಕೊಳ್ಳಿ.